ಬೆಳಿಗ್ಗೆ ಸರಿ, ಸಂಜಿಗೆ ಲ್ಯಾಗ್: ಫೋನ್‌ನಿಂದ ಟಿವಿಗೆ ಮಿರರಿಂಗ್ ಮಾಡಿದ ನನ್ನ ಅನುಭವ

ಸಿಂಧನೂರಾಗ ನಮ್ಮ ಮನಿ ಪಡಸಾಲ್ಯಾಗ ದಿನಾ ಸಂಜಿಗೆ ಎಂಟು ಹುಡುಗ್ರಿಗೆ ಲೆಕ್ಕ ಹೇಳಿಕೊಡ್ತೀನಿ, ಫೋನ್ ಮ್ಯಾಲ ಪೆನ್ನಿಂದ ಬರದಿದ್ದು ಟಿವಿ ಮ್ಯಾಲ ಕಾಣ್ತೈತಿ. ತೊಂದರೆ ಏನಂದ್ರ ನಾನು ಸಮೀಕರಣ ಬರದು ಮುಗಿಸಿ ಮಾತಾಡ್ಲಿಕ್ಕೆ ಶುರು ಮಾಡಿದ ಮ್ಯಾಲ ಟಿವಿಯಾಗ ಗೆರಿ ಬರ್ಲಿಕತ್ತಿತ್ತು. "ಸರ್, ಇನ್ನಾ ಬಂದಿಲ್ರಿ" ಅಂತ ಹುಡುಗ್ರು ಕೂಗೋರು.

ಎಷ್ಟು ತಡ ಅಂತ ಮೊದ್ಲು ಅಳದೆ. ಫೋನ್‌ನಾಗ ಸ್ಟಾಪ್‌ವಾಚ್ ಓಡಿಸಿ, ಮಿರರ್ ಮಾಡಿ, ಫೋನು ಟಿವಿ ಎರಡೂ ಬರೋಹಂಗ ಇನ್ನೊಂದು ಫೋನಿಂದ ಫೋಟೋ ಹೊಡದ್ರ ಆತು, ಎರಡು ಅಂಕಿ ಕಳದ್ರ ಅದೇ ಲ್ಯಾಗ್. ಸಂಜಿ 7ಕ್ಕ 1.4 ಸೆಕೆಂಡ್, ಬೆಳಿಗ್ಗೆ 6ಕ್ಕ 0.6. ಅಲ್ಲೇ ಸುಳಿವು ಸಿಕ್ತು, ಅದೇ ಫೋನು ಅದೇ ಟಿವಿ, ಬದಲಾಗಿದ್ದು ಓಣಿಯೊಳಗಿನ ವೈಫೈ ಗದ್ದಲ ಅಷ್ಟೇ.

ನೆಟ್ ಹಾಕಿದವ್ರು ಪ್ಲಾನ್ ಏರಿಸ್ರಿ ಅಂದ್ರು, 50ರಿಂದ 100 ಎಂಬಿಪಿಎಸ್ ಮಾಡಿಸ್ದೆ, ಲ್ಯಾಗ್ ಒಂಚೂರೂ ಕಮ್ಮಿ ಆಗ್ಲಿಲ್ಲ. ಯಾಕಂದ್ರ ನಮ್ಮ ಮಿರರಿಂಗ್ ಚಿತ್ರ ಇಂಟರ್ನೆಟ್‌ಗೆ ಹೋಗೋದೇ ಇಲ್ಲ, ಫೋನ್‌ನಿಂದ ರೂಟರ್‌ಗೆ, ರೂಟರ್‌ನಿಂದ ಟಿವಿಗೆ ಮನಿಯೊಳಗೇ ಓಡಾಡ್ತೈತಿ. ಯೂಟ್ಯೂಬ್ ಕಾಸ್ಟ್ ಮಾಡಿದ್ರ ಚಂದ ಓಡ್ತಿತ್ತಲ್ಲ ಅಂತ ನಾನೂ ಮೋಸ ಹೋಗಿದ್ದೆ, ಅದರಾಗ ಟಿವಿನೇ ನೇರ ನೆಟ್ಟಿಂದ ವಿಡಿಯೋ ತರಿಸ್ಕೊಂಡು ಮುಂದಿನ ತುಣುಕು ಮೊದ್ಲೇ ಕೂಡಿಟ್ಕೋತೈತಿ, ಫೋನ್ ಬರೇ ರಿಮೋಟ್.

ನಮ್ಮ ರೂಟರ್ ವೈಫೈ 2.4 ಮತ್ತ 5 ಗಿಗಾಹರ್ಟ್ಸ್ ಅಂತ ಎರಡು ಬ್ಯಾಂಡಿನಾಗ ಓಡ್ತೈತಿ, ಟಿವಿಗೆ 2.4 ಅಷ್ಟೇ ಬರ್ತೈತಿ. ರೂಟರ್‌ನಾಗ ಎರಡೂ ಬ್ಯಾಂಡಿಗೆ ಒಂದೇ ಹೆಸರಿತ್ತು, ಹಂಗಾಗಿ ಫೋನೂ ಅದೇ 2.4ಕ್ಕ ಕೂಡ್ತಿತ್ತು. ಅಂದ್ರ ಒಂದೇ ಚಿತ್ರ ಒಂದೇ ದಾರ್ಯಾಗ ಎರಡು ಸಲ ಹಾಯಬೇಕು, ಮ್ಯಾಲ ಪಕ್ಕದ ಮನಿಯವ್ರದೂ ಅದೇ ದಾರಿ. ಒಂದು ಬ್ಯಾಂಡಿನಾಗ ಚಾನೆಲ್ ಅಂತ ಸಣ್ಣ ಸಣ್ಣ ದಾರಿ ಇರ್ತಾವ, ವೈಫೈ ಅನಲೈಸರ್ ಆಪ್‌ನಾಗ ನೋಡಿದ್ರ ನಮ್ದು ಚಾನೆಲ್ 9, ಅಗಲ 40 ಮೆಗಾಹರ್ಟ್ಸ್, ಅಕ್ಕಪಕ್ಕದವ್ರ 6 ಮತ್ತ 11 ಎರಡರ ಮ್ಯಾಲೂ ಹಾಸ್ಕೊಂಡು ಕುಂತಿತ್ತು. ಚಾನೆಲ್ 1ರಾಗ ಒಂದೇ ಒಂದು ವೈಫೈ, ಅದೂ ದೂರದ್ದು.

ಬ್ರೌಸರ್‌ನಾಗ ನಮ್ಮ ರೂಟರ್ ಸೆಟ್ಟಿಂಗ್ಸ್ ಪುಟ 192.168.1.1ಕ್ಕ ಹೋಗಿ 2.4ಕ್ಕ Channel 1, Channel Width 20 MHz ಇಟ್ಟೆ. ಅಗಲ ಕಮ್ಮಿ ಮಾಡಿದ್ರ ಸ್ಪೀಡ್ ಕಮ್ಮಿ ಆಗಂಗಿಲ್ಲೇನು ಅಂತ ಅಂಜಿಕಿ ಇತ್ತು, ಆದ್ರ ಮಿರರಿಂಗಿಗೆ ಬೇಕಾಗೋದು ಹತ್ತಾರು ಎಂಬಿಪಿಎಸ್ ಒಳಗೇ, ಅಗಲಕ್ಕಿಂತ ತಡಿಯಿಲ್ದ ದಾರಿ ಮುಖ್ಯ. ಆಮ್ಯಾಲ ಯಾವ ಬ್ಯಾಂಡಿಗೆ ಕೂಡಬೇಕಂತ ರೂಟರೇ ಆರಿಸೋ Band Steering ಬಂದ್ ಮಾಡಿ 5 ಗಿಗಾಹರ್ಟ್ಸಿಗೆ ಬ್ಯಾರೆ ಹೆಸರು ಕೊಟ್ಟು ಫೋನ್ ಅದಕ್ಕ ಕೂಡಿಸ್ದೆ, ಫೋನ್ ಮೆಮೊರಿಯಿಂದ ಹಳೇ ಹೆಸರು ಅಳಿಸಿಬಿಟ್ಟೆ, ಇಲ್ಲಾಂದ್ರ ಅದು ತಾನಾಗೇ ವಾಪಸ್ 2.4ಕ್ಕ ಹೋಗ್ತೈತಿ. ಟಿವಿ 2.4ರಾಗೇ ಇದ್ರೂ ಎರಡೂ ಒಂದೇ ರೂಟರ್ ಕೆಳಗ ಇರೋದ್ರಿಂದ ಫೋನಿಗೆ ಟಿವಿ ಕಾಣಿಸ್ತೈತಿ, ಗೆಸ್ಟ್ ನೆಟ್‌ವರ್ಕಿಗೆ ಕೂಡಿಸಿದ್ರ ಮಾತ್ರ ಸಾಮಾನ್ಯವಾಗಿ ಕಾಣಲ್ಲ.

ಅವತ್ತು ಸಂಜಿ 7ಕ್ಕ ಅಳದ್ರ 0.5. ಮೂರು ದಿನ ಆದಮ್ಯಾಲ ಒಳಗಿನ ಖೋಲಿಯಾಗ ಕುಂತು ಹೇಳಿಕೊಟ್ರ ಮತ್ತ 1 ಸೆಕೆಂಡ್ ದಾಟ್ತು, ನಮ್ದು ಕಲ್ಲಿನ ಗ್ವಾಡಿ, 5 ಗಿಗಾಹರ್ಟ್ಸ್ ದಾಟ್ಲಿಕ್ಕೆ ಒದ್ದಾಡ್ತೈತಿ, ಅದಕ್ಕ ರೂಟರ್ ಪಡಸಾಲ್ಯಾಗೇ ಇಟ್ಟು ನಾನೂ ಅಲ್ಲೇ ಕುಂತು ಹೇಳಿಕೊಡ್ಲಿಕತ್ತೆ. ಕೊನಿಗೆ ಟಿವಿ ಹಿಂದ ಲ್ಯಾನ್ ಪೋರ್ಟ್ ಇರೋದು ಕಂಡು ರೂಟರ್‌ನಿಂದ ಕೇಬಲ್ ಎಳದೆ, ಈಗ 0.3. ಪೂರ್ತಿ ಸೊನ್ನಿಗೆ ಇಳಿಯಂಗಿಲ್ಲ, ಫೋನ್ ಚಿತ್ರಾನ ಒತ್ತಿ ಕಳಿಸ್ಲಿಕ್ಕೆ, ಟಿವಿ ಬಿಚ್ಚಿ ತೋರಿಸ್ಲಿಕ್ಕೆ ಒಂಚೂರು ಹೊತ್ತು ಬೇಕೇ ಬೇಕು. ಗೇಮ್ ಆಡೋರಿಗೆ ಇದು ಸಾಲಂಗಿಲ್ಲ, ಅವ್ರು ಎಚ್‌ಡಿಎಂಐ ವೈರೇ ಹಾಕ್ಬೇಕು, ಆದ್ರ ಅದಕ್ಕ ಫೋನ್‌ನಾಗ ವಿಡಿಯೋ ಹೊರಗ ಕೊಡೋ ಸೌಲಭ್ಯ ಇರ್ಬೇಕು.