ಐದಕ್ಕೆ ನಾಲ್ಕು ಅಂದರೆ ಏನು?

ತುಮಕೂರಿನ ಕ್ಯಾತ್ಸಂದ್ರದ ಕಡೆ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ನಾನು ವಾರ್ಡನ್. ಒಟ್ಟು 34 ಹುಡುಗಿಯರು. ಹೆಚ್ಚಿನವರು ಪಾವಗಡ, ಮಧುಗಿರಿ, ಶಿರಾ ಕಡೆಯಿಂದ ಡಿಗ್ರಿ ಓದಲು ಬಂದವರು. ರಾತ್ರಿ ಎಂಟೂವರೆಗೆ ಹಾಜರಿ ತೆಗೆದುಕೊಳ್ಳುವಾಗ ಪ್ರತಿಯೊಬ್ಬಳ ದಿನ ಹೇಗಿತ್ತು ಅಂತ ನನಗೆ ಗೊತ್ತಾಗಬೇಕಿತ್ತು. ಬಾಯಲ್ಲಿ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, "ಚೆನ್ನಾಗಿದೀನಿ ಮೇಡಂ." ಪಕ್ಕದಲ್ಲಿ ನಿಂತವರು ಕೇಳಿಸಿಕೊಳ್ಳುತ್ತಿರುತ್ತಾರೆ, ಇನ್ನೇನು ಹೇಳೋಕಾಗುತ್ತೆ? ಹಾಗಾಗಿ ಚೀಟಿಯಲ್ಲಿ ಬರೆದು ಕೊಡಿ ಅಂದೆ.

ಮೊದಲು ಇಟ್ಟದ್ದು ಒಂದೇ ಪ್ರಶ್ನೆ: "ಇವತ್ತಿನ ದಿನ ಹೇಗಿತ್ತು?" ಮೊದಲ ವಾರ ಅರ್ಧ ಪುಟ ಬರೆದವರೂ ಇದ್ದರು. ಮೂರನೇ ವಾರಕ್ಕೆ ಚೀಟಿಗಳಲ್ಲಿ "ಪರವಾಗಿಲ್ಲ", "ಎಂದಿನಂತೆ", "ಏನಿಲ್ಲ" ಅಷ್ಟೇ ಉಳಿಯಿತು. ದಿನಾ ಒಂದೇ ಪ್ರಶ್ನೆ ಬಂದರೆ ಯಾರಿಗಾದರೂ ಕೈ ಸೋಲುತ್ತದೆ. ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಪಾವಗಡದ ಕಡೆಯ ಕೆಲವರ ಮನೆಮಾತು ತೆಲುಗು. ಅವರು ಮೊದಲಿಂದಲೂ ಎರಡೇ ಪದ ಬರೆಯುತ್ತಿದ್ದರು. ಹೇಳುವುದಕ್ಕೆ ಏನೂ ಇಲ್ಲ ಅಂತ ನಾನು ತಿಳಿದಿದ್ದೆ. ಅವರಿಗೆ ಕನ್ನಡದಲ್ಲಿ ಮನಸ್ಸಿನ ಮಾತು ಬರೆಯೋದು ಕಷ್ಟವಾಗಿತ್ತು, ಅಷ್ಟೇ.

ಆಮೇಲೆ ಒಂದರಿಂದ ಐದರವರೆಗೆ ಅಂಕಿ ಕೊಡಿ ಅಂದೆ. ಹತ್ತು ಸೆಕೆಂಡಿನ ಕೆಲಸ, 34 ಚೀಟಿಯೂ ತಪ್ಪದೆ ಬರುತ್ತಿದ್ದವು. ಆದರೆ ಬರೀ ನಾಲ್ಕು. ನಡುವೆ ಅಲ್ಲೊಂದು ಇಲ್ಲೊಂದು ಮೂರು. ಹೀಗೆ ನಾಲ್ಕು ಹಾಕುತ್ತಿದ್ದ ಒಬ್ಬ ಹುಡುಗಿ ರಾತ್ರಿ ಊಟ ಮಾಡುತ್ತಿಲ್ಲ ಅಂತ ನನಗೆ ಹೇಳಿದ್ದು ಅಡುಗೆಯವರು. ಒಂಬತ್ತು ದಿನ ಆಗಿತ್ತಂತೆ. ಆ ಒಂಬತ್ತು ದಿನದ ಚೀಟಿ ತೆಗೆದು ನೋಡಿದೆ. ಒಂಬತ್ತರಲ್ಲೂ ನಾಲ್ಕೇ.

ಅವಳನ್ನು ಕೂರಿಸಿಕೊಂಡು ಕೇಳಿದಾಗ ಅವಳು ಹೇಳಿದ ಮಾತಿನಿಂದ ನನ್ನ ಚೀಟಿಯೇ ಬದಲಾಯಿತು. "ಐದಕ್ಕೆ ಎರಡು ಹಾಕಿದ್ರೆ ಫೇಲ್ ಆದಂಗಲ್ವಾ ಮೇಡಂ? ಆಮೇಲೆ ನೀವು ಅಪ್ಪಂಗೆ ಫೋನ್ ಮಾಡ್ತೀರ."

ಎರಡೂ ನಿಜ. ಒಂದನೇ ಕ್ಲಾಸಿನಿಂದ ಐದಕ್ಕೆ ಇಷ್ಟು, ಹತ್ತಕ್ಕೆ ಇಷ್ಟು ಅಂತ ಅಂಕ ಎಣಿಸಿಕೊಂಡು ಬೆಳೆದ ಮಕ್ಕಳು ಅವರು. ನಾನು ಅಳತೆ ಅಂತ ಕೊಟ್ಟಿದ್ದನ್ನು ಅವರು ಮಾರ್ಕ್ಸ್ ಅಂತ ಓದಿದ್ದರು. ತಮಗೆ ತಾವೇ ಕಡಿಮೆ ಮಾರ್ಕ್ಸ್ ಯಾರು ಹಾಕಿಕೊಳ್ಳುತ್ತಾರೆ? ಐದು ಹಾಕಿದರೆ ಜಂಬ ಅನ್ನಿಸುತ್ತೆ, ಎರಡು ಹಾಕಿದರೆ ವಿಚಾರಣೆ. ನಾಲ್ಕು ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲೈಕರ್ಟ್ 1932ರಲ್ಲಿ ಇಂಥ ಐದು ಹಂತದ ಅಳತೆಯನ್ನು ಪ್ರಕಟಿಸಿದಾಗ ಪ್ರತಿ ಹಂತಕ್ಕೂ ಒಂದು ಮಾತಿತ್ತು. ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಹೀಗೆ. ನಾನು ಮಾತು ಬಿಟ್ಟು ಬರೀ ಅಂಕಿ ಇಟ್ಟಿದ್ದೆ. ಹಾಗಾಗಿ ಚೀಟಿಯಿಂದ ಅಂಕಿಯನ್ನು ಪೂರ್ತಿ ತೆಗೆದೆ. ಐದು ಸಾಲು ಬರೆದೆ, ಒಂದಕ್ಕೆ ಗುರುತು ಹಾಕಿದರೆ ಸಾಕು. ಅಂಕಿ ನನ್ನ ಪುಸ್ತಕದಲ್ಲಿ ಮಾತ್ರ.

ಆ ಐದು ಸಾಲು ಬರೆಯೋಕೆ ಎರಡು ವಾರ ಹಿಡಿಯಿತು. ಮೊದಲ ಕರಡಿನಲ್ಲಿ "ತುಂಬ ಬೇಜಾರು" ಅಂತ ಇತ್ತು. ಐದು ಜನ ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆದು, ಈ ಸಾಲು ಓದಿದಾಗ ಯಾವ ದಿನ ನೆನಪಾಗುತ್ತೆ ಅಂತ ಕೇಳಿದೆ. ಒಬ್ಬಳು ಅಜ್ಜಿ ತೀರಿಕೊಂಡ ದಿನ ಅಂದಳು. ಇನ್ನೊಬ್ಬಳು ಕರೆಂಟ್ ಹೋಗಿ ಫೋನ್ ಚಾರ್ಜ್ ಇಲ್ಲದ ಭಾನುವಾರ ಅಂದಳು. ನಮ್ಮ ಮಾತಿನಲ್ಲಿ ಬೇಜಾರು ಅಂದರೆ ದುಃಖವೂ ಹೌದು, ಹೊತ್ತು ಹೋಗದಿರುವುದೂ ಹೌದು. ಅಂಥ ಪದ ಅಳತೆಗೆ ಬರುವುದಿಲ್ಲ. "ಟೆನ್ಷನ್" ಕೂಡ ಹಾಗೇ ಬಿದ್ದುಹೋಯಿತು. ಕೊನೆಗೆ ಮನಸ್ಸಿನ ಹೆಸರು ಬಿಟ್ಟು, ದಿನ ಹೇಗೆ ಸಾಗಿತು ಅನ್ನುವುದನ್ನು ಹಿಡಿದೆ. "ಇವತ್ತು ಬೆಳಗ್ಗೆ ಎದ್ದಾಗಿನಿಂದ" ಅಂತ ಮೇಲೆ ಬರೆದೆ, ಇಲ್ಲದಿದ್ದರೆ ಕೆಲವರು ಇಡೀ ವಾರಕ್ಕೆ ಉತ್ತರ ಕೊಡುತ್ತಾರೆ. ಕೆಳಗೆ ಈ ಸಾಲುಗಳು: ಯಾವ ಕೆಲಸಕ್ಕೂ ಕೈ ಹೋಗಲಿಲ್ಲ, ಮಾಡಲೇಬೇಕಾದ್ದನ್ನು ತಳ್ಳಿಕೊಂಡು ಮಾಡಿದೆ, ದಿನಾ ಇರುವ ಹಾಗೇ ಇತ್ತು, ಕೆಲಸ ಸಲೀಸಾಗಿ ಆಯ್ತು, ಇಷ್ಟು ಒಳ್ಳೆಯ ದಿನ ಅಪರೂಪ. ಇದೇ ಕ್ರಮದಲ್ಲಿ ನನ್ನ ಪುಸ್ತಕದಲ್ಲಿ ಒಂದರಿಂದ ಐದು.

ನಡುವಿನದು "ದಿನಾ ಇರುವ ಹಾಗೇ" ಅಂತ ಇರುವುದು ಮುಖ್ಯ. ಸುಮ್ನೆ ಗುರುತು ಹಾಕುವವರು ನಡುವೆ ಹಾಕುತ್ತಾರೆ, ಅದು ಸುಳ್ಳಾಗುವುದಿಲ್ಲ. ಅದಕ್ಕಿಂತ ಕಡಿಮೆ ಅಂಕಿಯ ಸಾಲಿಗೆ ಹಾಕಿದವಳು ಯೋಚಿಸಿಯೇ ಹಾಕಿರುತ್ತಾಳೆ.

ಇದರ ಜೊತೆ ಇನ್ನೊಂದು ಪ್ರಶ್ನೆ: "ನಿನ್ನೆ ರಾತ್ರಿ ಏನು ತಿಂದೆ?" ಊಟ ಆಯ್ತಾ ಅಂದರೆ ಯಾರೇ ಆಗಲಿ ಆಯ್ತು ಅನ್ನುತ್ತಾರೆ. ಅದು ನಮ್ಮಲ್ಲಿ ಕುಶಲ ಕೇಳುವ ಮಾತು, ಉತ್ತರವೂ ಮರ್ಯಾದೆಯ ಉತ್ತರ. ಏನು ತಿಂದೆ ಅಂದರೆ ಮುದ್ದೆ, ಸಾರು ಅಂತ ಬರೆಯಬೇಕು, ಇಲ್ಲವೇ ಜಾಗ ಖಾಲಿ ಬಿಡಬೇಕು. ಖಾಲಿ ಜಾಗವೂ ಉತ್ತರವೇ.

ಫೋನಿನ ಭಯಕ್ಕೆ ಪ್ರಶ್ನೆ ತಿದ್ದಿದರೆ ಸಾಲದು. ಚೀಟಿಯಲ್ಲಿ ಹೆಸರಿನ ಬದಲು ಮಂಚದ ನಂಬರ್ ಇಟ್ಟೆ. ಪುಸ್ತಕ ನನ್ನ ಬೀರುವಿನಲ್ಲೇ ಇರುತ್ತೆ, ನಿನಗೆ ಹೇಳದೆ ಮನೆಗೆ ಫೋನ್ ಮಾಡುವುದಿಲ್ಲ, ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಮಾಡುತ್ತೇನೆ ಅಂತ ಮೊದಲೇ ಎಲ್ಲರೆದುರು ಹೇಳಿದೆ. ಆ ಕೊನೆಯ ಮಾತನ್ನೂ ಮುಚ್ಚಿಡಲಿಲ್ಲ. ಅಂಥ ಹೊತ್ತಿಗೆ ಬೇಕಾಗುತ್ತೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಪುಸ್ತಕದ ರಟ್ಟಿನ ಮೇಲೆ ಬರೆದಿಟ್ಟಿದ್ದೇನೆ.

ಪುಸ್ತಕ ಓದುವ ರೀತಿಯನ್ನೂ ಬದಲಿಸಿದೆ. ಮೊದಲು 34 ಜನರ ಸರಾಸರಿ ತೆಗೆಯುತ್ತಿದ್ದೆ. ಇಬ್ಬರು ಕುಸಿದರೂ ಅದು ಅಲ್ಲಾಡುತ್ತಿರಲಿಲ್ಲ. ಒಬ್ಬಳ ಸಲೀಸು ಇನ್ನೊಬ್ಬಳ ಸಲೀಸಲ್ಲ, ಅದನ್ನು ಕೂಡಿಸಿ ಭಾಗಿಸಿ ಏನೂ ಸಿಗುವುದಿಲ್ಲ. ಈಗ ಪ್ರತಿಯೊಬ್ಬಳದ್ದೂ ಒಂದು ಅಡ್ಡ ಸಾಲು. ಅವಳ ಮಾಮೂಲಿಗಿಂತ ಮೂರು ದಿನ ಸತತ ಕೆಳಗಿದ್ದರೆ ನಾಲ್ಕನೇ ದಿನ ಅವಳ ಜೊತೆ ಟೀ ಕುಡಿಯುತ್ತೇನೆ. ಮೊದಲನೇ ಸಾಲಿಗೆ ಗುರುತು ಬಿದ್ದರೆ ಅವತ್ತೇ.

ಬರೆಯುವ ಪ್ರಶ್ನೆಯನ್ನು ಬಿಟ್ಟಿಲ್ಲ. ಒಬ್ಬಳು ಇಳಿದಳು ಅಂತ ಗುರುತು ತಿಳಿಸುತ್ತೆ, ಯಾಕೆ ಅಂತ ತಿಳಿಸುವುದಿಲ್ಲವಲ್ಲ. ಒಮ್ಮೆ ಒಂದು ತಪ್ಪು ಮಾಡಿದೆ. ಗುರುತು ಕೆಳಗಿದ್ದವರು ಮಾತ್ರ ಕಾರಣ ಬರೆಯಿರಿ ಅಂದೆ. ವಾರದೊಳಗೆ ಎಲ್ಲರೂ ನಡುವಿನ ಸಾಲಿಗೆ ಬಂದುಬಿಟ್ಟರು. ಕೆಳಗೆ ಹಾಕಿದರೆ ಬರೆಯುವ ಕೆಲಸ ಜಾಸ್ತಿ ಅಂತ ಕಲಿತುಬಿಟ್ಟಿದ್ದರು. ಈಗ ಬುಧವಾರ ಮತ್ತು ಶನಿವಾರ ಮಾತ್ರ ಎಲ್ಲರಿಗೂ ಒಂದು ಸಾಲಿನ ಪ್ರಶ್ನೆ, ಅದೂ ಗುರುತು ಹಾಕಿದ ಮೇಲೆ. ಮೊದಲೇ ಬರೆಸಿದರೆ ಬರೆದ ಆ ಒಂದು ವಿಷಯವೇ ಗುರುತನ್ನೂ ಎಳೆದುಕೊಂಡು ಹೋಗುತ್ತೆ. ಕನ್ನಡವೋ ತೆಲುಗೋ ಯಾವುದರಲ್ಲಾದರೂ ಬರೆಯಬಹುದು. ಪ್ರಶ್ನೆ ಹೀಗಿದೆ: "ಈ ಎರಡು ಮೂರು ದಿನದಲ್ಲಿ ಯಾವ ಹೊತ್ತು ಬೇಗ ಕಳೆದುಹೋಗಲಿ ಅನ್ನಿಸಿತು?" ಇದಕ್ಕೆ ಪರವಾಗಿಲ್ಲ ಅಂತ ಬರೆಯೋಕೆ ಬರುವುದಿಲ್ಲ.

ಊಟ ಬಿಟ್ಟಿದ್ದ ಆ ಹುಡುಗಿಯ ಹೊಸ ಸಾಲು ಮೂರು, ಮೂರು, ಎರಡು, ಎರಡು, ಎರಡು ಅಂತ ಬಂತು. ಶನಿವಾರದ ಚೀಟಿಯಲ್ಲಿ ಬರೆದಿದ್ದಳು: "ರಾತ್ರಿ ಒಂಬತ್ತು. ಅಪ್ಪ ಫೋನ್ ಮಾಡುವ ಹೊತ್ತು." ಅವಳಿಗೆ ಗಂಡು ನೋಡುತ್ತಿದ್ದರು. ನಮ್ಮ ಮೆಸ್‌ನಲ್ಲಿ ಊಟ ಬಡಿಸುವುದೂ ಒಂಬತ್ತಕ್ಕೇ.