ಟ್ರಿಮ್ಮರ್ ಲಿಸ್ಟಿಂಗ್ ವಾಪಸ್ ಬಂದ ಬಗೆ

ದೊಡ್ಡ ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ ನಾನು ಮಾರುತ್ತಿದ್ದ ಬ್ರ್ಯಾಂಡೆಡ್ ಟ್ರಿಮ್ಮರ್‌ನ ಲಿಸ್ಟಿಂಗ್ ಒಂದು ಬೆಳಿಗ್ಗೆ ಮಾಯವಾಗಿತ್ತು. ಮಾಲು ಅಸಲಿಯೇ ಎಂದು ಸಾಬೀತು ಮಾಡಿ ಎಂದಿದ್ದರು.

ಕೈಗೆ ಸಿಕ್ಕ ಬಿಲ್‌ಗಳನ್ನೆಲ್ಲ ಕಳಿಸಿದೆ. ತಿರಸ್ಕರಿಸಿದರು. ತುಂಬಾ ಬೇಜಾರಾಯಿತು, ನಕಲಿ ಮಾಲು ಮಾರುವ ಉದ್ದೇಶ ನನಗಿರಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ಮಾರಿದ್ದು 40. ಡಿಸ್ಟ್ರಿಬ್ಯೂಟರ್ ಕೊಟ್ಟ ಜಿಎಸ್‌ಟಿ ಬಿಲ್ ಇದ್ದದ್ದು 25ಕ್ಕೆ. ಉಳಿದ 15 ಸ್ಟಾಕ್ ಮುಗಿದಾಗ ಬೇರೆ ಹೋಲ್‌ಸೇಲ್ ಅಂಗಡಿಯಿಂದ ನಗದಿಗೆ ತಂದವು. ಅವಕ್ಕೆ ಇದ್ದದ್ದು ಬರೀ ಕಚ್ಚಾ ಚೀಟಿ. ಅವು ಅಸಲಿಯೋ ಅಲ್ಲವೋ, ನನಗೇ ಹೇಳಲು ಆಗುತ್ತಿರಲಿಲ್ಲ ಅಲ್ವಾ?

ಎರಡನೇ ಸಲ ಸತ್ಯವನ್ನೇ ಬರೆದೆ. 15 ಎಲ್ಲಿಂದ ಬಂದವು, ಆ ಅಂಗಡಿಯಿಂದ ಕೊಳ್ಳುವುದನ್ನು ಏಕೆ ನಿಲ್ಲಿಸಿದೆ ಎಂದು ತಿಳಿಸಿದೆ. 25ರ ಬಿಲ್‌ನಲ್ಲಿ ಮಾಡೆಲ್ ನಂಬರ್ ಇರಲಿಲ್ಲ, ಸುಮ್ನೆ 'ಟ್ರಿಮ್ಮರ್' ಎಂದಿತ್ತು. ಅದನ್ನು ನಾನೇ ತಿದ್ದಲಿಲ್ಲ. ತಿದ್ದಿದ ಬಿಲ್ ಸಿಕ್ಕಿಬಿದ್ದರೆ ಖಾತೆಯೇ ಹೋಗಬಹುದು. ಡಿಸ್ಟ್ರಿಬ್ಯೂಟರ್ ಹತ್ತಿರವೇ ಸರಿಪಡಿಸಿದ ಬಿಲ್ ತೆಗೆದುಕೊಂಡೆ. ಖಾತೆಯಲ್ಲಿರುವ ಹೆಸರು, ವಿಳಾಸವೇ ಅದರಲ್ಲೂ ಇರುವಂತೆ ನೋಡಿಕೊಂಡೆ.

ಬಿಲ್ ಜೊತೆಗೆ ಆ ಬ್ರ್ಯಾಂಡ್ ಮಾರಲು ಅನುಮತಿ ಪತ್ರವೂ ಬೇಕಿತ್ತು. ಅದಕ್ಕೆ ಜಾಸ್ತಿ ದಿನ ಹಿಡಿಯಿತು. ಡಿಸ್ಟ್ರಿಬ್ಯೂಟರ್ ಬರೆದುಕೊಟ್ಟದ್ದು ಸಾಲಲಿಲ್ಲ. ಟ್ರೇಡ್‌ಮಾರ್ಕ್ ಇರುವ ಕಂಪನಿಯೇ ನನ್ನ ಅಂಗಡಿಯ ಹೆಸರು, ಆನ್‌ಲೈನ್ ಮಾರಾಟದ ಅನುಮತಿ, ಅದರ ಅವಧಿ ಬರೆದು ಕೊಡಬೇಕಿತ್ತು. ಅದು ಬಂದ ಮೇಲೆ ಲಿಸ್ಟಿಂಗ್ ವಾಪಸ್ ಬಂತು.

ಈಗ ಪ್ರತಿ ಬ್ರ್ಯಾಂಡಿಗೂ ಒಂದು ಫೈಲ್ ಇಟ್ಟಿದ್ದೇನೆ. ಬಿಲ್‌ನಲ್ಲಿರುವುದಕ್ಕಿಂತ ಒಂದೂ ಹೆಚ್ಚು ಮಾರುವುದಿಲ್ಲ.