ಶೀರ್ಷಿಕೆಗಳನ್ನಷ್ಟೇ ಓದಿದರೂ ವಾದ ತಿಳಿಯುವಂತೆ ಸ್ಲೈಡ್ ಬರೆಯುವುದು ಹೇಗೆ?

ಸಭೆಗೆ ತಡವಾಗಿ ಬಂದ ಹಿರಿಯರೊಬ್ಬರು ನಿಮ್ಮ ಸ್ಲೈಡ್‌ಗಳ ಮುದ್ರಿತ ಪ್ರತಿಯನ್ನು ಕೈಗೆತ್ತಿಕೊಂಡು ಸರಸರನೆ ಪುಟ ಮಗುಚುತ್ತಾರೆ. ಅವರ ಕಣ್ಣು ನಿಲ್ಲುವುದು ಪ್ರತಿ ಪುಟದ ನೆತ್ತಿಯ ಮೇಲೆ ಮಾತ್ರ. ಅಲ್ಲಿ ‘ಹಿನ್ನೆಲೆ’, ‘ವಿಶ್ಲೇಷಣೆ’, ‘ಸವಾಲುಗಳು’, ‘ಮುಂದಿನ ಹೆಜ್ಜೆಗಳು’ ಎಂದಿದ್ದರೆ ಕೊನೆಯ ಪುಟ ಮುಟ್ಟಿದಾಗಲೂ ನೀವು ಏನು ಹೇಳಹೊರಟಿದ್ದೀರಿ ಎಂಬುದು ಅವರಿಗೆ ಗೊತ್ತಾಗುವುದಿಲ್ಲ. ಅದೇ ಜಾಗದಲ್ಲಿ ಒಂದೊಂದು ಪೂರ್ಣ ವಾಕ್ಯವಿದ್ದು, ಒಂದರ ಕೈಯನ್ನು ಇನ್ನೊಂದು ಹಿಡಿದುಕೊಂಡು ಸಾಗಿದರೆ ಅರ್ಧ ನಿಮಿಷದಲ್ಲಿ ಇಡೀ ವಾದ ಅವರ ತಲೆಯಲ್ಲಿ ಕೂತಿರುತ್ತದೆ.

ಸ್ಲೈಡ್‌ಗಳನ್ನು ತಿದ್ದಿಕೊಡುವ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಈ ಒಂದು ಸಾಲಿನ ಮೇಲೆಯೇ. ಒಂದು ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡೋಣ. ಆಸ್ಪತ್ರೆಯೊಂದರ ಹೊರರೋಗಿ ವಿಭಾಗದಲ್ಲಿ ಕಾಯುವ ಸಮಯ ಹೆಚ್ಚಾಗಿದೆ, ಅದನ್ನು ತಗ್ಗಿಸಲು ಆಡಳಿತ ಮಂಡಳಿಯ ಒಪ್ಪಿಗೆ ಬೇಕು ಎಂದಿಟ್ಟುಕೊಳ್ಳಿ. ಅಂಕಿಗಳೆಲ್ಲ ಉದಾಹರಣೆಗೆಂದು ಕಟ್ಟಿಕೊಂಡವು. ಆರು ಸ್ಲೈಡ್‌ಗಳ ಶೀರ್ಷಿಕೆಗಳು ಹೀಗಿವೆ:

1. ಹಿನ್ನೆಲೆ
2. ಹೊರರೋಗಿ ವಿಭಾಗ – ಕಾಯುವ ಸಮಯದ ವಿಶ್ಲೇಷಣೆ (ಜನವರಿ–ಜೂನ್) – ವಿಭಾಗವಾರು, ಹಂತವಾರು ಹಾಗೂ ಗಂಟೆವಾರು ವಿವರ
3. ನೋಂದಣಿ ಪ್ರಕ್ರಿಯೆ ಕುರಿತ ಅವಲೋಕನಗಳು ಹಾಗೂ ಸವಾಲುಗಳು
4. ಸಮಯ ನಿಗದಿ ವ್ಯವಸ್ಥೆ: ಪ್ರಾಯೋಗಿಕ ಅನುಷ್ಠಾನ
5. ಸಂಪನ್ಮೂಲ
6. ಮುಂದಿನ ಹೆಜ್ಜೆಗಳು

ಮೊದಲು ಶೀರ್ಷಿಕೆಗಳನ್ನು ಬೇರ್ಪಡಿಸಿ

ಸ್ಲೈಡ್ ತೆರೆದಿಟ್ಟುಕೊಂಡು ಶೀರ್ಷಿಕೆ ತಿದ್ದಲು ಕೂತರೆ ಕಣ್ಣು ಚಿತ್ರ, ಬಣ್ಣ, ಅಂಕಿಗಳ ಕಡೆಗೆ ಜಾರುತ್ತದೆ. ಪವರ್‌ಪಾಯಿಂಟ್‌ನಲ್ಲಿ View ಮೆನುವಿನ Outline View ಆರಿಸಿಕೊಳ್ಳಿ. ಎಡಬದಿಯಲ್ಲಿ ಬರುವ ಪಠ್ಯದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ Collapse, ನಂತರ Collapse All ಎಂದರೆ ಶೀರ್ಷಿಕೆಗಳು ಮಾತ್ರ ಒಂದರ ಕೆಳಗೊಂದು ಉಳಿಯುತ್ತವೆ. ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲೂ View ಮೆನುವಿನಲ್ಲಿ Outline ಇದೆ. ಇಂಥ ಸೌಲಭ್ಯವಿಲ್ಲದ ಕಡೆ ಶೀರ್ಷಿಕೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡರೂ ಸಾಕು.

ಕೆಲವು ಸ್ಲೈಡ್‌ಗಳ ಎದುರು ಈ ಪಟ್ಟಿಯಲ್ಲಿ ಏನೂ ಕಾಣದಿರಬಹುದು. ಶೀರ್ಷಿಕೆಗೆಂದೇ ಇರುವ ಚೌಕವನ್ನು ಅಳಿಸಿ, ಬೇರೆ ಪಠ್ಯಚೌಕ ಎಳೆದು ಅದರಲ್ಲಿ ಟೈಪ್ ಮಾಡಿದಾಗ ಹೀಗಾಗುತ್ತದೆ. ಪರದೆಯ ಮೇಲೆ ಅದು ಶೀರ್ಷಿಕೆಯಂತೆಯೇ ಕಂಡರೂ ತಂತ್ರಾಂಶದ ಪಾಲಿಗೆ ಶೀರ್ಷಿಕೆಯಲ್ಲ. ದೃಷ್ಟಿ ಇಲ್ಲದವರು ಬಳಸುವ ಸ್ಕ್ರೀನ್ ರೀಡರ್ ಕೂಡ ಆ ಸ್ಲೈಡನ್ನು ಹೆಸರಿಲ್ಲದ್ದೆಂದೇ ಎಣಿಸುತ್ತದೆ. Layout ಪಟ್ಟಿಯಿಂದ Title Only ಆರಿಸಿ, ಪಠ್ಯವನ್ನು ಅದರ ಶೀರ್ಷಿಕೆ ಚೌಕಕ್ಕೆ ಸ್ಥಳಾಂತರಿಸಿ.

ಶೀರ್ಷಿಕೆ ಮುಚ್ಚಿ, ಬಾಯಿಬಿಟ್ಟು ಹೇಳಿ

ಈಗ ಒಂದೊಂದೇ ಸ್ಲೈಡಿಗೆ ಬನ್ನಿ. ಶೀರ್ಷಿಕೆಯ ಮೇಲೆ ಕೈ ಅಡ್ಡ ಇಟ್ಟು, ಕೆಳಗಿರುವುದನ್ನು ನೋಡಿ, ಪಕ್ಕದಲ್ಲಿ ಕೂತವರಿಗೆ ಹೇಳುವಂತೆ ಒಂದೇ ವಾಕ್ಯದಲ್ಲಿ ಹೇಳಿ. ಬಾಯಿಂದ ಹೊರಟ ಆ ವಾಕ್ಯವೇ ಶೀರ್ಷಿಕೆಯ ಮೊದಲ ಕರಡು. ಬರೆಯಲು ಕೂತಾಗ ನಮ್ಮ ಕೈಗೆ ‘ಅವಲೋಕನ’, ‘ಅನುಷ್ಠಾನ’, ‘ಕುರಿತು’ ತಾವಾಗಿ ಬಂದುಬಿಡುತ್ತವೆ. ಮಾತಿನಲ್ಲಿ ಅವು ಬರುವುದಿಲ್ಲ. ಹಾಗಾಗಿಯೇ ಬಾಯಿಬಿಟ್ಟು ಹೇಳಬೇಕು ಎನ್ನುತ್ತೇನೆ.

ಎರಡನೆಯ ಸ್ಲೈಡನ್ನು ಹತ್ತಿರದಿಂದ ನೋಡೋಣ. ಅದರಲ್ಲಿ ಮೂರು ಗ್ರಾಫ್‌ಗಳಿವೆ. ಹೇಳಲು ಹೊರಟಾಗ ಬಂದ ವಾಕ್ಯ ಇದು: ‘ನೋಂದಣಿಯಲ್ಲಿ ವಿಳಂಬವಾಗುತ್ತಿರುವುದು ಹಾಗೂ ಬೆಳಗಿನ ವೇಳೆಯಲ್ಲಿ ದಟ್ಟಣೆ ಹೆಚ್ಚಿರುವುದು ಕಂಡುಬಂದಿದೆ.’ ವಾಕ್ಯವೇನೋ ಪೂರ್ಣ, ಆದರೆ ಕೆಲಸ ಮುಗಿದಿಲ್ಲ. ‘ಕಂಡುಬಂದಿದೆ’ ಎಂಬುದನ್ನು ತೆಗೆದರೆ ಅರ್ಥಕ್ಕೆ ಏನೂ ನಷ್ಟವಿಲ್ಲ. ‘ವಿಳಂಬ’ ಎಂದರೆ ಎಷ್ಟು ಎಂಬುದು ಕೆಳಗಿನ ಗ್ರಾಫ್‌ನಲ್ಲೇ ಇದೆ: ವೈದ್ಯರನ್ನು ಕಾಣುವ ಮೊದಲಿನ 70 ನಿಮಿಷಗಳಲ್ಲಿ 45 ನೋಂದಣಿ ಕೌಂಟರಿನ ಮುಂದೆಯೇ ಕಳೆಯುತ್ತವೆ. ಆ ‘ಹಾಗೂ’ ಅಂತೂ ಎಚ್ಚರಿಕೆಯ ಗಂಟೆ. ಎರಡು ಮಾತನ್ನು ಬಲವಂತವಾಗಿ ಒಂದೇ ಸ್ಲೈಡಿಗೆ ತುಂಬಿದ್ದೇವೆ ಎಂದು ಅದು ಹೇಳುತ್ತಿದೆ. ಸ್ಲೈಡನ್ನು ಎರಡು ಮಾಡಿ, ಹಂತವಾರು ಗ್ರಾಫ್ ಒಂದಕ್ಕೆ, ಗಂಟೆವಾರು ಗ್ರಾಫ್ ಇನ್ನೊಂದಕ್ಕೆ ಕೊಡಿ. ವಿಭಾಗವಾರು ಗ್ರಾಫ್‌ನಲ್ಲಿ ಎಲ್ಲ ವಿಭಾಗಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ಅದು ವಾದವನ್ನು ಮುಂದೆ ತಳ್ಳುವುದಿಲ್ಲ, ಅನುಬಂಧಕ್ಕೆ ಹೋಗಲಿ. ‘ಜನವರಿ–ಜೂನ್’ ಬೇಕಾದ ಮಾಹಿತಿಯೇ, ಆದರೆ ಅದರ ಜಾಗ ಸ್ಲೈಡಿನ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ.

ಮೂರನೆಯ ಸ್ಲೈಡಿನದು ಬೇರೆ ಕಥೆ. ಶೀರ್ಷಿಕೆ ಮುಚ್ಚಿ ನೋಡಿದರೆ ಏಳು ಅಂಶಗಳ ಪಟ್ಟಿ ಇದೆ. ಎಷ್ಟು ಹೊತ್ತು ನೋಡಿದರೂ ಒಂದು ವಾಕ್ಯ ಹೊರಡುವುದಿಲ್ಲ. ಇಲ್ಲಿ ತಪ್ಪು ಶೀರ್ಷಿಕೆಯದಲ್ಲ, ಸ್ಲೈಡಿಗೇ ಹೇಳಲು ಮಾತಿಲ್ಲ. ಬರೆದವರಿಗೆ ನೋವಾಗುತ್ತದೆ, ನನಗೂ ಆಗಿದೆ. ಆದರೂ ಅದನ್ನು ತೆಗೆಯುವುದೇ ಸರಿ.

ಉಳಿದವನ್ನೂ ಹೀಗೆಯೇ ತಿದ್ದಿದ ಮೇಲೆ ಪಟ್ಟಿ ಹೀಗಾಗುತ್ತದೆ:

1. ರೋಗಿಗಳು ವೈದ್ಯರನ್ನು ಕಾಣಲು ಸರಾಸರಿ 70 ನಿಮಿಷ ಕಾಯುತ್ತಿದ್ದಾರೆ
2. ಆ 70 ನಿಮಿಷಗಳಲ್ಲಿ 45 ನೋಂದಣಿ ಕೌಂಟರಿನ ಮುಂದೆಯೇ ಕಳೆಯುತ್ತವೆ
3. ದಿನದ ಅರ್ಧಕ್ಕಿಂತ ಹೆಚ್ಚು ರೋಗಿಗಳು ಮೊದಲ ಎರಡು ಗಂಟೆಗಳಲ್ಲೇ ಬರುವುದರಿಂದ ಅಲ್ಲಿ ಸಾಲು ಬೆಳೆಯುತ್ತದೆ
4. ಬರುವ ಸಮಯವನ್ನು ಮೊದಲೇ ಗೊತ್ತುಮಾಡಿದ ಎರಡು ವಿಭಾಗಗಳಲ್ಲಿ ಕಾಯುವ ಹೊತ್ತು 40 ನಿಮಿಷಕ್ಕೆ ಇಳಿಯಿತು
5. ಈ ಏರ್ಪಾಡಿಗೆ ಹೊಸ ಸಿಬ್ಬಂದಿ ಬೇಕಿಲ್ಲ, ಈಗಿರುವವರಿಗೆ ಎರಡು ದಿನಗಳ ತರಬೇತಿ ಸಾಕು
6. ಮುಂದಿನ ತಿಂಗಳಿನಿಂದ ಎಲ್ಲ ವಿಭಾಗಗಳಿಗೂ ಇದನ್ನು ವಿಸ್ತರಿಸಲು ಮಂಡಳಿ ಒಪ್ಪಿಗೆ ಕೊಡಬೇಕು

ಕ್ರಿಯಾಪದದ ಮೇಲೆ ಕಣ್ಣಿಡಿ

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಳಿಯಿತೋ ಏರಿತೋ, ಬೇಕೋ ಬೇಡವೋ ಎಂಬುದು ಗೊತ್ತಾಗುವುದು ಕೊನೆಯ ಪದದಲ್ಲಿ. ಅದಕ್ಕಾಗಿ ಓದುಗರನ್ನು ಮೂರು ಸಾಲು ಕಾಯಿಸಬಾರದು. ಹನ್ನೆರಡು ಪದಗಳೊಳಗೆ, ಹೆಚ್ಚೆಂದರೆ ಎರಡು ಸಾಲಿನಲ್ಲಿ ಮುಗಿಸುವುದು ನಾನು ಪಾಲಿಸುವ ಮಿತಿ. ಮೀರಿದರೆ ಸಾಮಾನ್ಯವಾಗಿ ‘ಮಾಡಲಾಗಿರುವ’, ‘ಸಂಬಂಧಿಸಿದಂತೆ’ ಎಂಬಂಥ ಪದಗಳೇ ಜಾಗ ತಿಂದಿರುತ್ತವೆ.

ಕಾಲಸೂಚಕ ಪ್ರತ್ಯಯವನ್ನೂ ಗಮನಿಸಿ. ನಾಲ್ಕನೆಯ ಶೀರ್ಷಿಕೆಯಲ್ಲಿ ‘ಇಳಿಯಿತು’ ಎಂದಿದೆ. ‘ಸಮಯ ಗೊತ್ತುಮಾಡಿದರೆ ಕಾಯುವ ಹೊತ್ತು ಇಳಿಯುತ್ತದೆ’ ಎಂದು ಬರೆದಿದ್ದರೆ, ಎರಡು ವಿಭಾಗಗಳಲ್ಲಿ ಎರಡು ವಾರ ನಡೆದ ಪ್ರಯೋಗವನ್ನು ಎಲ್ಲೆಡೆಗೂ ಸಲ್ಲುವ ನಿಯಮವಾಗಿ ಮಾಡಿದಂತಾಗುತ್ತಿತ್ತು. ಶೀರ್ಷಿಕೆ ವಾಕ್ಯವಾದ ಕೂಡಲೇ ಅದು ಒಂದು ಹೇಳಿಕೆ, ಹೇಳಿಕೆ ಸುಳ್ಳಾಗಬಹುದು. ‘ವಿಶ್ಲೇಷಣೆ’ ಎಂಬ ಶೀರ್ಷಿಕೆ ಎಂದೂ ಸುಳ್ಳಾಗುವುದಿಲ್ಲ, ಏಕೆಂದರೆ ಅದು ಏನನ್ನೂ ಹೇಳುವುದಿಲ್ಲ.

ಶೀರ್ಷಿಕೆಗೆ ಕೆಳಗಿನ ಸಾಕ್ಷ್ಯ ಒಪ್ಪುತ್ತದೆಯೇ?

ಈ ಹಂತವನ್ನು ಯಾರೂ ಬಿಡಬಾರದು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. 2003ರ ಜನವರಿಯಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೇಲೇರುವಾಗ ಅದರ ಇಂಧನ ತೊಟ್ಟಿಯಿಂದ ಕಳಚಿದ ಫೋಮ್ ತುಂಡೊಂದು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗ ಇಂಜಿನಿಯರ್‌ಗಳು ಹಾನಿಯ ಬಗ್ಗೆ ನಾಸಾಕ್ಕೆ ಸ್ಲೈಡ್‌ಗಳನ್ನು ತೋರಿಸಿದರು. ಅವುಗಳಲ್ಲಿ ಒಂದರ ಶೀರ್ಷಿಕೆ, ಹಿಂದಿನ ಪರೀಕ್ಷೆಗಳ ಲೆಕ್ಕ ಸುರಕ್ಷತೆಯ ಕಡೆಗೇ ವಾಲುತ್ತದೆ ಎಂಬ ಭಾವ ಬರುವಂತಿತ್ತು. ಅದೇ ಸ್ಲೈಡಿನ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ, ಬೇರೆಯದೇ ಸಂಗತಿ ಇತ್ತು: ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಅಂಗುಲದ್ದು, ಇಲ್ಲಿನದು 1920 ಘನ ಅಂಗುಲ. ಅಂದರೆ 640 ಪಟ್ಟು. ಫೆಬ್ರುವರಿ 1ರಂದು ಭೂಮಿಗೆ ಮರಳುವಾಗ ನೌಕೆ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ಆ ದುರಂತಕ್ಕೆ ಒಂದು ಸ್ಲೈಡ್ ಕಾರಣ ಎನ್ನಲಾಗದು. ಆದರೆ ತನಿಖಾ ಮಂಡಳಿ ಅದೇ ವರ್ಷ ಹೊರತಂದ ವರದಿಯಲ್ಲಿ ಈ ಸ್ಲೈಡನ್ನು ಎತ್ತಿ ತೋರಿಸಿ, ಮುಖ್ಯ ಸಂಗತಿ ಹೇಗೆ ಹುದುಗಿಹೋಗಿತ್ತು ಎಂಬುದನ್ನು ವಿವರಿಸಿತು.

ಆ ಕೊನೆಯ ಸಾಲನ್ನೇ ಮೇಲಕ್ಕೆ ತಂದಿದ್ದರೆ ಶೀರ್ಷಿಕೆ ಹೀಗಿರುತ್ತಿತ್ತು: ‘ಬಡಿದ ತುಂಡು ಪರೀಕ್ಷೆಯದಕ್ಕಿಂತ 640 ಪಟ್ಟು ದೊಡ್ಡದು, ಹಳೆಯ ಲೆಕ್ಕವನ್ನು ನೆಚ್ಚುವಂತಿಲ್ಲ.’ ನಿಮ್ಮ ಪ್ರತಿ ಸ್ಲೈಡಿನಲ್ಲೂ ಇದನ್ನೇ ಮಾಡಿ: ಕೆಳಗಿನ ಸಾಲಿನಿಂದ ಮೇಲಕ್ಕೆ ಓದುತ್ತಾ ಬನ್ನಿ. ಶೀರ್ಷಿಕೆಯನ್ನು ಅಲುಗಾಡಿಸುವ ಸಾಲು ಸಿಕ್ಕರೆ, ಬದಲಾಗಬೇಕಾದುದು ಶೀರ್ಷಿಕೆ.

ಅಕ್ಷರದ ಗಾತ್ರ, ಸಾಲಿನ ಅಂತರ

ಪವರ್‌ಪಾಯಿಂಟ್‌ನ ಮಾಮೂಲಿ ವಿನ್ಯಾಸದಲ್ಲಿ ಶೀರ್ಷಿಕೆಯ ಗಾತ್ರ 44 ಪಾಯಿಂಟ್. ಒಂದೆರಡು ಪದಗಳಿಗೆ ಅದು ಹೊಂದುತ್ತದೆ, ವಾಕ್ಯಕ್ಕಲ್ಲ. ವಾಕ್ಯ ಹಿಡಿಸದಿದ್ದಾಗ ತಂತ್ರಾಂಶ ತಾನೇ ಅಕ್ಷರವನ್ನು ಕುಗ್ಗಿಸುತ್ತದೆ, ಒಂದೊಂದು ಸ್ಲೈಡಿನಲ್ಲಿ ಒಂದೊಂದು ಅಳತೆ. Slide Master ತೆರೆದು ಶೀರ್ಷಿಕೆಯನ್ನು 28ರ ಆಸುಪಾಸಿಗೆ ತನ್ನಿ, ಎಡಕ್ಕೆ ಒತ್ತರಿಸಿ, Do not Autofit ಆರಿಸಿ. ಕನ್ನಡದಲ್ಲಿ ಬರೆಯುವವರು ಇನ್ನೊಂದು ಮಾಡಬೇಕು. ಅಲ್ಲಿನ ಸಾಲಿನ ಅಂತರ 0.9 ಇರುತ್ತದೆ, ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಅದನ್ನು 1ಕ್ಕೋ ಸ್ವಲ್ಪ ಮೇಲಕ್ಕೋ ಏರಿಸಿ.

ಮುಖಪುಟ, ಭಾಗ ವಿಂಗಡಿಸುವ ಸ್ಲೈಡ್, ಅನುಬಂಧದ ಕೋಷ್ಟಕಗಳಿಗೆ ವಾಕ್ಯದ ಹಂಗು ಬೇಡ. ತರಗತಿಯಲ್ಲಿ ಉತ್ತರವನ್ನು ಮಕ್ಕಳಿಂದಲೇ ಹೊರಡಿಸಬೇಕಾದಾಗಲೂ ಶೀರ್ಷಿಕೆ ಪ್ರಶ್ನೆಯಾಗಿರುವುದೇ ಮೇಲು.

ವಿಷಯ ಗೊತ್ತಿಲ್ಲದವರಿಗೆ ಓದಲು ಕೊಡಿ

ಕೊನೆಗೆ ಆರು ಶೀರ್ಷಿಕೆಗಳನ್ನು ಮಾತ್ರ ಒಂದು ಹಾಳೆಯಲ್ಲಿ ಮುದ್ರಿಸಿ, ಈ ಕೆಲಸದಲ್ಲಿ ಪಾಲಿಲ್ಲದ ಸಹೋದ್ಯೋಗಿಯ ಕೈಗೆ ಕೊಡಿ. ಏನನ್ನೂ ವಿವರಿಸಬೇಡಿ. ಓದಿ ಮುಗಿಸಿದ ಮೇಲೆ ‘ನಾನು ಏನು ಕೇಳುತ್ತಿದ್ದೇನೆ, ಯಾಕೆ?’ ಎಂದು ಅವರ ಬಾಯಿಂದಲೇ ಹೇಳಿಸಿ. ಅವರು ತಡವರಿಸುವ ಜಾಗವನ್ನು ಗುರುತು ಹಾಕಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ನಾಲ್ಕರಿಂದ ಐದಕ್ಕೆ ದಾಟುವಾಗ ಒಬ್ಬರು ಕೇಳಬಹುದು: ‘ದೂರದಿಂದ ಬರುವವರು ಗೊತ್ತುಮಾಡಿದ ಹೊತ್ತಿಗೆ ತಲುಪದಿದ್ದರೆ?’ ಪ್ರಯೋಗದ ಎರಡು ವಾರಗಳಲ್ಲಿ ಹಾಗೆ ತಡವಾದವರು ಎಷ್ಟು ಮಂದಿ, ಅವರು ಎಷ್ಟು ಕಾದರು ಎಂಬ ಲೆಕ್ಕ ನಿಮ್ಮ ಬಳಿ ಇದ್ದರೆ ಅಲ್ಲೊಂದು ಹೊಸ ಸ್ಲೈಡ್ ಸೇರಿಸಿ. ಇಲ್ಲದಿದ್ದರೆ ಆರನೆಯ ಶೀರ್ಷಿಕೆಯನ್ನು ‘ಮುಂದಿನ ತಿಂಗಳಿನಿಂದ ಇನ್ನೆರಡು ವಿಭಾಗಗಳಲ್ಲಿ ಇದನ್ನು ನಡೆಸಿ, ತಡವಾಗುವವರ ಲೆಕ್ಕ ಇಡಲು ಮಂಡಳಿ ಒಪ್ಪಿಗೆ ಕೊಡಬೇಕು’ ಎಂದು ಬದಲಿಸಿ, ಅದಕ್ಕೆ ತಕ್ಕಂತೆ ಕೆಳಗಿನ ವಿವರವನ್ನು ತಿದ್ದಿ.